ವಿರಾಮದ ಮೊದಲು ಒಂದು ಪ್ರಶ್ನೆ

ವೆಬಿನಾರ್ ನಡೆಸುವವರಿಗೆ ಪರದೆಯ ಕೆಳಗೆ ಒಂದು ಸಂಖ್ಯೆ ಕಾಣುತ್ತದೆ. ಎಂಬತ್ತೋ ನೂರೋ ಜನ ಸೇರಿದ್ದಾರೆಂದು ಅದು ಹೇಳುತ್ತದೆ. ಮಾತು ಮುಗಿಯುವವರೆಗೂ ಆ ಸಂಖ್ಯೆ ಹೆಚ್ಚು ಕಡಿಮೆ ಹಾಗೆಯೇ ನಿಂತಿರುತ್ತದೆ, ಕೊನೆಗೆ ಫೀಡ್‌ಬ್ಯಾಕ್ ಫಾರ್ಮಿನ ಲಿಂಕ್ ಬಂದ ಎರಡೇ ನಿಮಿಷದಲ್ಲಿ ಕುಸಿಯುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಕಾಲೇಜುಗಳಲ್ಲಿದ್ದವರಿಗೆಲ್ಲ ಇದು ಗೊತ್ತು. ಫಾರ್ಮ್ ತುಂಬಿದರೆ ಇ-ಸರ್ಟಿಫಿಕೇಟ್ ಬರುತ್ತಿತ್ತು. ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗಿದವರೂ ಆ ಸಂಖ್ಯೆಯೊಳಗೆ ಇದ್ದರು, ಸುಳ್ಯದ ಕಡೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತವರೂ ಇದ್ದರು. ಕಪ್ಪು ಚೌಕದ ಹಿಂದೆ ಯಾರಿದ್ದಾರೆ ಎಂದು ಮಾತಾಡುವವರಿಗೆ ತಿಳಿಯಲು ದಾರಿಯಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಒಂದೂವರೆ ಗಂಟೆಯ ವೆಬಿನಾರ್ ಒಂದನ್ನು ಹೆಣೆಯುವ ಕೆಲಸ ನನ್ನ ಪಾಲಿಗೆ ಬಂತು. ವಿಷಯ ಶಿವರಾಮ ಕಾರಂತರ ‘ಚೋಮನ ದುಡಿ’. 1933ರ ಆ ಕಾದಂಬರಿಯನ್ನು ಪುತ್ತೂರಿನಲ್ಲಿ ಕೂತು ಓದಿಸುವುದಕ್ಕೆ ಬೇರೆ ಕಾರಣ ಬೇಕಿಲ್ಲ. ನಾನಿರುವ ದರ್ಬೆಯ ಬಾಡಿಗೆ ಕೋಣೆಗೂ ಕಾರಂತರ ಬಾಲವನಕ್ಕೂ ದೂರವೇನಿಲ್ಲ. ಕೇಳುವವರು ಮೂರು ಕಾಲೇಜುಗಳ ಬಿ.ಎ. ಮತ್ತು ಎಂ.ಎ. ವಿದ್ಯಾರ್ಥಿಗಳು, ಹೆಚ್ಚಿನವರ ಕೈಯಲ್ಲಿ ಫೋನ್ ಮಾತ್ರ. ಉಪನ್ಯಾಸ ಕೊಡುವವರು ನಿವೃತ್ತ ಪ್ರಾಧ್ಯಾಪಕರೊಬ್ಬರು. ತರಗತಿಯಲ್ಲಿ ಎರಡು ಗಂಟೆ ನೀರು ಕುಡಿಯದೆ ಮಾತಾಡಬಲ್ಲವರು. ಅವರ ಮಾತಿನ ನಡುವೆ ಪೋಲ್ ಮತ್ತು ವಿರಾಮ ಇಡಬೇಕೆಂದು ಹೇಳಲು ನಾನು ಒಂದು ಹಾಳೆ ಹಿಡಿದುಕೊಂಡು ಅವರ ಮನೆಗೆ ಹೋದೆ.

ಸರ್ ಹಾಳೆ ನೋಡಿ, “ಎಂತ ಇದು, ಪರೀಕ್ಷೆ ಮಾಡ್ಲಿಕ್ಕೆ ಉಂಟಾ?” ಎಂದರು.

“ಪರೀಕ್ಷೆ ಅಲ್ಲ ಸರ್. ಅವರು ಎಂತ ಹೇಳ್ತಾರೆ ಅಂತ ನೋಡಿ ನೀವು ಮುಂದಿನದ್ದು ಮಾತಾಡ್ಲಿಕ್ಕೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತಾಳಮದ್ದಳೆಯ ಹಾಗೆ” ಎಂದರು. ನನ್ನ ಹಾಳೆಗಿಂತ ಆ ಒಂದು ಮಾತು ವಿಷಯವನ್ನು ಚೆನ್ನಾಗಿ ಹಿಡಿದಿತ್ತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದಷ್ಟೇ. ಆದರೂ ಜನ ಗಂಟೆಗಟ್ಟಲೆ ಕೇಳುತ್ತಾರೆ. ಅರ್ಥಧಾರಿ ಎಷ್ಟು ದೊಡ್ಡವರಾದರೂ ಪ್ರಸಂಗದ ಉದ್ದಕ್ಕೂ ಒಬ್ಬರೇ ಮಾತಾಡುವುದಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಅದಕ್ಕೆ ಒಬ್ಬರು ಅರ್ಥ ಹೇಳುತ್ತಾರೆ, ಎದುರಿನ ಪಾತ್ರಧಾರಿ ಪ್ರಶ್ನೆ ಎಸೆಯುತ್ತಾರೆ, ಆ ಪ್ರಶ್ನೆಗೆ ತಕ್ಕಂತೆ ಮುಂದಿನ ಮಾತು ಹುಟ್ಟುತ್ತದೆ. ವೆಬಿನಾರಿನಲ್ಲಿ ಇಲ್ಲದೆ ಹೋಗುವುದು ಎದುರಿನ ಪಾತ್ರ. ಪೋಲ್ ಆ ಜಾಗವನ್ನು ತುಂಬಬೇಕು. ನನಗೆ ತಿಳಿದ ಮಟ್ಟಿಗೆ ಅದಕ್ಕೆ ಒಂದೇ ಪರೀಕ್ಷೆ ಇದೆ: ಉತ್ತರ ಬೇರೆ ಬಂದರೆ ಮುಂದಿನ ಹತ್ತು ನಿಮಿಷದ ಮಾತು ಬೇರೆಯಾಗುತ್ತದೆಯೇ? ಆಗದಿದ್ದರೆ ಆ ಪೋಲ್ ಅಲಂಕಾರಕ್ಕೆ ಇಟ್ಟದ್ದು. ಕೇಳುವವರಿಗೆ ಅದು ಎರಡನೇ ಸಲಕ್ಕೇ ಗೊತ್ತಾಗುತ್ತದೆ.

ಹತ್ತು ಹದಿನೈದು ನಿಮಿಷಕ್ಕೆ ಮನುಷ್ಯನ ಗಮನ ಮುಗಿಯುತ್ತದೆ, ಆದ್ದರಿಂದ ಆಗಾಗ ಏನಾದರೂ ಮಾಡುತ್ತಿರಬೇಕು ಎಂಬ ಮಾತು ತರಬೇತಿಗಳಲ್ಲಿ ಸದಾ ಕೇಳಿಬರುತ್ತದೆ. ಇದಕ್ಕೆ ಗಟ್ಟಿ ಆಧಾರವಿಲ್ಲವೆಂದು 2007ರಲ್ಲಿ ವಿಲ್ಸನ್ ಮತ್ತು ಕಾರ್ನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹಳೆಯ ಅಧ್ಯಯನಗಳನ್ನೆಲ್ಲ ತಿರುವಿ ತೋರಿಸಿದರು. ಗಮನವು ಟಾಂಕಿಯ ನೀರಿನಂತೆ ಖಾಲಿಯಾಗುವುದಿಲ್ಲ. ಅದು ಇಡೀ ಹೊತ್ತು ಹೋಗಿ ಬಂದು ಮಾಡುತ್ತಿರುತ್ತದೆ. ಹಾಗಾಗಿ ಗಡಿಯಾರ ನೋಡಿ ಪೋಲ್ ಎಸೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಹೋದ ಗಮನ ಮರಳಿ ಬರಲು ಕಾರಣವೊಂದು ಬೇಕು.

2013ರಲ್ಲಿ ಹಾರ್ವರ್ಡಿನ ಸ್ಪುನಾರ್, ಖಾನ್ ಮತ್ತು ಶಾಕ್ಟರ್ ಪ್ರಕಟಿಸಿದ ಪ್ರಯೋಗ ಈ ಕಾರಣದ ಬಗ್ಗೆಯೇ ಇದೆ. ಸುಮಾರು ಇಪ್ಪತ್ತು ನಿಮಿಷದ ಸಂಖ್ಯಾಶಾಸ್ತ್ರದ ವಿಡಿಯೋ ಪಾಠವನ್ನು ಅವರು ನಾಲ್ಕು ತುಂಡು ಮಾಡಿದರು. ಕೆಲವರಿಗೆ ಪ್ರತಿ ತುಂಡಿನ ನಂತರ ಚಿಕ್ಕ ಪರೀಕ್ಷೆ. ಇನ್ನು ಕೆಲವರಿಗೆ ಅಷ್ಟೇ ಹೊತ್ತು ನಿಲುಗಡೆ, ಆದರೆ ಪಾಠದ ಮೇಲೆ ಪರೀಕ್ಷೆಯಿಲ್ಲ. ಮತ್ತೊಂದು ಗುಂಪಿಗೆ ಅದೇ ಪ್ರಶ್ನೆಗಳನ್ನು ಉತ್ತರಸಮೇತ ಓದಲು ಕೊಟ್ಟರು. ಪರೀಕ್ಷೆ ಬರೆದವರಲ್ಲಿ ಮನಸ್ಸು ಬೇರೆಡೆ ಹೋಗುವುದು ಉಳಿದವರಿಗಿಂತ ಅರ್ಧದಷ್ಟು ಕಡಿಮೆಯಾಗಿತ್ತು, ಅವರು ಟಿಪ್ಪಣಿಯನ್ನೂ ಹೆಚ್ಚು ಬರೆದುಕೊಂಡಿದ್ದರು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಮಧ್ಯದ ಗುಂಪು. ಪಾಠದ ಮೇಲೆ ಪರೀಕ್ಷೆಯಿಲ್ಲದ ನಿಲುಗಡೆ ಅವರ ಗಮನವನ್ನು ಹಿಡಿದಿಡಲಿಲ್ಲ. ಪೋಲ್ ಒಂದು ಕಡೆ, ವಿರಾಮ ಇನ್ನೊಂದು ಕಡೆ ಇಟ್ಟು ಯೋಜನೆ ಮಾಡುವವರು ಗಮನಿಸಬೇಕಾದ ಸಂಗತಿ ಇದು. ನನ್ನ ಹಾಳೆಯಲ್ಲಿ ನಾನು ಎರಡನ್ನೂ ಒಂದಕ್ಕೊಂದು ಕಟ್ಟಿದೆ.

ಮೊದಲು ಕತ್ತರಿಸಿದ್ದು ಆರಂಭವನ್ನು. ನಮ್ಮ ಕಾರ್ಯಕ್ರಮಗಳಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ಅಧ್ಯಕ್ಷರ ಎರಡು ಮಾತು ಎಂದು ಇಪ್ಪತ್ತು ನಿಮಿಷ ಹೋಗುತ್ತದೆ. ಸಭಾಂಗಣದಲ್ಲಿ ಜನ ಕೂತಲ್ಲೇ ಕೂರುತ್ತಾರೆ. ಫೋನಿನಲ್ಲಾದರೆ ಆ ಇಪ್ಪತ್ತು ನಿಮಿಷದಲ್ಲಿ ವೆಬಿನಾರ್ ಹಿನ್ನೆಲೆಗೆ ಸರಿದು ವಾಟ್ಸಾಪ್ ಮುಂದೆ ಬಂದಿರುತ್ತದೆ. ಪರಿಚಯವನ್ನೆಲ್ಲ ಹಿಂದಿನ ದಿನದ ಸಂದೇಶದಲ್ಲಿ ಕಳಿಸಿ, ಸ್ವಾಗತವನ್ನು ಮೂರು ನಿಮಿಷಕ್ಕೆ ಇಳಿಸಿದೆವು. ಐದನೇ ನಿಮಿಷಕ್ಕೆ, ಸರ್ ಒಂದು ಮಾತೂ ಆಡುವ ಮೊದಲು, ಮೊದಲ ಪೋಲ್.

ಪ್ರಶ್ನೆ ಹೀಗಿತ್ತು: ಚೋಮ ಬೇಸಾಯಗಾರನಾಗದೆ ಹೋದದ್ದಕ್ಕೆ ಮುಖ್ಯ ಕಾರಣ ಯಾವುದೆಂದು ನಿಮಗೆ ಅನಿಸುತ್ತದೆ? ಆಯ್ಕೆಗಳು ನಾಲ್ಕು: ಧಣಿಯ ಮನಸ್ಸು, ಜಾತಿಯ ಕಟ್ಟಳೆ, ಎಸ್ಟೇಟಿನ ಸಾಲ, ಚೋಮನದೇ ನಿರ್ಧಾರ. ಈ ಆಯ್ಕೆಗಳನ್ನು ನಾನು ಕೂತು ಕಲ್ಪಿಸಿಕೊಂಡದ್ದಲ್ಲ. ಪರಿಚಯದ ಉಪನ್ಯಾಸಕಿಯೊಬ್ಬರು ತಮ್ಮ ತರಗತಿಯ ಬರಹಗಳನ್ನು ತೋರಿಸಿದ್ದರು, ವಿದ್ಯಾರ್ಥಿಗಳು ನಿಜಕ್ಕೂ ಬರೆಯುತ್ತಿದ್ದ ನಾಲ್ಕು ಬಗೆಯ ಉತ್ತರಗಳೇ ಇವು. ಒಂದೊಂದು ಆಯ್ಕೆಯ ಹಿಂದೆಯೂ ಹಾಗೆ ಯೋಚಿಸುವ ಒಬ್ಬ ಓದುಗ ಇರಬೇಕು. ಇದಕ್ಕೆ ವಿರುದ್ಧವಾದದ್ದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ: ‘ಚೋಮನ ದುಡಿ’ ಬರೆದವರು ಯಾರು, ಕೆಳಗೆ ನಾಲ್ಕು ಹೆಸರು. ಎಲ್ಲರೂ ಸರಿಯುತ್ತರ ಕೊಡುತ್ತಾರೆ, ಭಾಷಣಕಾರರು ಸಂತೋಷಪಡುತ್ತಾರೆ, ಯಾರ ತಲೆಯಲ್ಲೂ ಏನೂ ನಡೆದಿರುವುದಿಲ್ಲ.

ಇನ್ನೊಂದು ಜಾಗ್ರತೆ ಬೇಕಿತ್ತು. ಜಾತಿಯ ಕುರಿತ ಕಾದಂಬರಿಯಲ್ಲಿ ಯಾರು ಯಾವ ಉತ್ತರ ಒತ್ತಿದರೆಂಬುದು ಬಹಿರಂಗವಾದರೆ ಉತ್ತರಗಳು ಸಭ್ಯವಾಗುತ್ತವೆ, ನಿಜವಾಗುವುದಿಲ್ಲ. ಜೂಮ್‌ನಲ್ಲಿ ಪೋಲ್ ತಯಾರಿಸುವಾಗ ಉತ್ತರಗಳನ್ನು ಅನಾಮಿಕವಾಗಿ ಇಡುವ ಆಯ್ಕೆಯಿದೆ, ಅದನ್ನು ಹಾಕಿದೆ. ಹಾಕಿದ್ದೇವೆಂದು ಬಾಯಿಬಿಟ್ಟು ಹೇಳಿದೆವು ಕೂಡ. ಹೇಳದಿದ್ದರೆ ಅವರಿಗೆ ಹೇಗೆ ತಿಳಿಯಬೇಕು? ಅಧ್ಯಾಪಕರು ಇರುವ ಕರೆಯಲ್ಲಿ ಮೈಕ್ ಆನ್ ಮಾಡಿ ಮಾತಾಡುವ ಧೈರ್ಯ ಬಹಳ ಹುಡುಗ ಹುಡುಗಿಯರಿಗೆ ಇರುವುದಿಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗಂತೂ ಇಲ್ಲವೇ ಇಲ್ಲ. ಇಡೀ ಒಂದೂವರೆ ಗಂಟೆಯಲ್ಲಿ ಅವರು ಮಾತಾಡುವ ಜಾಗ ಈ ಪೋಲ್ ಒಂದೇ ಆಗಿರಬಹುದು.

ಪೋಲ್ ತೆರೆದ ಹೊತ್ತಿನಲ್ಲಿ ಮಾಡಬೇಕಾದ್ದು ಸಣ್ಣದು, ತಪ್ಪಿಹೋಗುವುದೂ ಸುಲಭ. ಫೋನಿನಲ್ಲಿ ಪೋಲ್ ಬಂದರೆ ಅದು ಸ್ಲೈಡನ್ನು ಮುಚ್ಚುತ್ತದೆ, ಆದ್ದರಿಂದ ಆಯ್ಕೆಗಳು ತಲಾ ಎರಡು ಮೂರು ಪದ ದಾಟಬಾರದು. ಪ್ರಶ್ನೆಯನ್ನೂ ಆಯ್ಕೆಗಳನ್ನೂ ಒಮ್ಮೆ ಗಟ್ಟಿಯಾಗಿ ಓದಬೇಕು, ಏಕೆಂದರೆ ನೆಟ್‌ವರ್ಕ್ ಕಡಿಮೆಯಿದ್ದವರು ದನಿ ಮಾತ್ರ ಕೇಳುತ್ತಿರುತ್ತಾರೆ. ಆಮೇಲೆ ಪೂರ್ತಿ ಮೌನ. ಈ ಮೌನ ಭಾಷಣಕಾರರಿಗೆ ಕಷ್ಟ, ಅವರು ಅದನ್ನು ತುಂಬಲು ಹೊರಡುತ್ತಾರೆ, ಆಗ ಕೇಳುವವರು ಓದುವುದೂ ಇಲ್ಲ, ಕೇಳುವುದೂ ಇಲ್ಲ. ಉತ್ತರಿಸಿದವರ ಎಣಿಕೆ ಮೊದಲು ಬೇಗ ಏರಿ ಆಮೇಲೆ ನಿಧಾನವಾಗುತ್ತದೆ. ಅದು ನಿಂತ ಮೇಲೆ ಇನ್ನೊಂದು ಹತ್ತು ಸೆಕೆಂಡು ಕಾದು ಮುಚ್ಚಬಹುದು. ಒಟ್ಟು ಒಂದು ನಿಮಿಷ ಸಾಕಾಗುತ್ತದೆ.

ಪೋಲ್ ತೆರೆಯದ ಹಳೆಯ ಫೋನುಗಳೂ ಇರುತ್ತವೆ. ಅಂಥವರಿಗೆ ಚಾಟ್‌ನಲ್ಲಿ ಆಯ್ಕೆಯ ಅಂಕಿಯನ್ನಷ್ಟೇ ಬರೆಯಲು ಹೇಳಿದೆವು. ಚಾಟ್‌ನಲ್ಲಿ ಒಂದು ತೊಂದರೆಯಿದೆ. ಮೊದಲು ಬಂದ ಎರಡು ಉತ್ತರ ನೋಡಿ ಉಳಿದವರೂ ಅದನ್ನೇ ಹಾಕುತ್ತಾರೆ. ಅದಕ್ಕೆ ಉಪಾಯವೆಂದರೆ ಎಲ್ಲರೂ ಅಂಕಿ ಟೈಪ್ ಮಾಡಿ ಕಾಯುವುದು, ‘ಒಂದು, ಎರಡು, ಮೂರು’ ಅಂದಾಗ ಒಟ್ಟಿಗೆ ಕಳಿಸುವುದು. ಜೂಮ್ ಬದಲು ಯೂಟ್ಯೂಬ್ ನೇರಪ್ರಸಾರದಲ್ಲಿ ನೋಡುವವರಿದ್ದರೆ ಈ ಲೆಕ್ಕ ಕೆಡುತ್ತದೆ, ಅಲ್ಲಿಗೆ ಮಾತು ತಲುಪುವುದೇ ಹಲವು ಸೆಕೆಂಡು ತಡವಾಗಿ. ನಾವು ಆ ಕಾರಣಕ್ಕೆ ನೇರಪ್ರಸಾರವನ್ನೇ ಬಿಟ್ಟೆವು.

ಮೊದಲ ಪೋಲಿನಲ್ಲಿ ಮುಕ್ಕಾಲು ಪಾಲು ಜನ ‘ಜಾತಿಯ ಕಟ್ಟಳೆ’ ಒತ್ತಿದರು. ಸರ್ ಹದಿನಾಲ್ಕು ನಿಮಿಷ ಧಣಿ ಸಂಕಪ್ಪಯ್ಯನ ಮನೆಯ ಬಗ್ಗೆ, ಹೊಲೆಯನಿಗೆ ಬೇಸಾಯ ಸಲ್ಲದೆಂಬ ನಂಬಿಕೆಯ ಬಗ್ಗೆ ಮಾತಾಡಿದರು. ಅಲ್ಲಿ ಎರಡು ನಿಮಿಷದ ಒಂದು ಚಿಕ್ಕ ನಿಲುಗಡೆ. ಇದು ಎದ್ದುಹೋಗುವ ವಿರಾಮವಲ್ಲ. 1987ರಲ್ಲಿ ಕ್ಯಾಥಿ ರೂಲ್ ಮತ್ತು ಸಂಗಡಿಗರು ಉಪನ್ಯಾಸವನ್ನು ಮೂರು ಸಲ ಎರಡೆರಡು ನಿಮಿಷ ನಿಲ್ಲಿಸಿ, ವಿದ್ಯಾರ್ಥಿಗಳು ಜೋಡಿಯಾಗಿ ಟಿಪ್ಪಣಿ ಸರಿಮಾಡಿಕೊಳ್ಳಲು ಬಿಟ್ಟು ನೋಡಿದ್ದರು, ನಿಲ್ಲಿಸದ ಉಪನ್ಯಾಸಕ್ಕಿಂತ ಅವರಿಗೆ ಹೆಚ್ಚು ನೆನಪಿತ್ತು. ಆನ್‌ಲೈನಿನಲ್ಲಿ ಜೋಡಿ ಮಾಡಲು ಹೊರಟರೆ ಜನರನ್ನು ಕೋಣೆ ಕೋಣೆಗೆ ಕಳಿಸುವಷ್ಟರಲ್ಲೇ ಎರಡು ನಿಮಿಷ ಮುಗಿಯುತ್ತದೆ. ಅದಕ್ಕಾಗಿ ನಾವು ಕೇಳಿದ್ದು ಇಷ್ಟೇ: ಇಲ್ಲಿವರೆಗೆ ಕೇಳಿದ್ದರಲ್ಲಿ ನಿಮಗೆ ಒಪ್ಪಿಗೆಯಾಗದ ಒಂದು ಮಾತನ್ನು ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯದಲ್ಲಿ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ.

ಮುಂದಿನ ಹದಿನಾಲ್ಕು ನಿಮಿಷ ಎಸ್ಟೇಟಿನ ಸಾಲದ ಕತೆ. ಆ ಸಾಲ ತೀರಿಸಲು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾದದ್ದು, ಬೆಳ್ಳಿಯ ಬದುಕು ಅಲ್ಲಿ ತಿರುವು ಪಡೆದದ್ದು. ಅದು ಮುಗಿದಾಗ ಮೂವತ್ತೆಂಟನೇ ನಿಮಿಷ. ಎಲ್ಲರೂ ದೊಡ್ಡ ವಿರಾಮಕ್ಕೆ ಕಾಯುವ ಹೊತ್ತು. ಅಲ್ಲಿ ಎರಡನೇ ಪೋಲ್ ಬಂತು: ಸಾಲವೇ ಇಲ್ಲದಿದ್ದರೆ ಚೋಮನಿಗೆ ಭೂಮಿ ಸಿಗುತ್ತಿತ್ತೇ? ಸಿಗುತ್ತಿತ್ತು, ಸಿಗುತ್ತಿರಲಿಲ್ಲ, ಹೇಳಲಾಗದು.

ಒಂದು ನಿಮಿಷ ಬಿಟ್ಟು `End Poll` ಒತ್ತಿದೆ. ಜೂಮ್‌ನಲ್ಲಿ ಹೀಗೆ ಮುಚ್ಚಿದ ಕೂಡಲೆ ಫಲಿತಾಂಶ ನಡೆಸುವವರಿಗೆ ಮಾತ್ರ ಕಾಣುತ್ತದೆ, `Share Results` ಒತ್ತಿದ ಮೇಲಷ್ಟೇ ಎಲ್ಲರಿಗೂ. ಈ ಎರಡು ಗುಂಡಿಗಳ ನಡುವಿನ ಜಾಗದಲ್ಲಿಯೇ ನಾವು ವಿರಾಮವನ್ನು ಇಟ್ಟೆವು. “ಉತ್ತರಗಳು ಬಂದಿವೆ. 3.46ಕ್ಕೆ ತೋರಿಸ್ತೇವೆ. ಎದ್ದು ನೀರು ಕುಡಿದು ಬನ್ನಿ” ಎಂದು ಹೇಳಿ, ಪರದೆಯ ಮೇಲೆ ‘3.46’ ಎಂಬ ಅಂಕಿ ಮಾತ್ರ ಇಟ್ಟೆವು.

ಐದು ನಿಮಿಷ ವಿರಾಮ ಎಂದು ಹೇಳಿದರೆ ಆ ಐದು ನಿಮಿಷ ಯಾವಾಗ ಶುರುವಾಯಿತೆಂದು ಯಾರಿಗೂ ಗೊತ್ತಿರುವುದಿಲ್ಲ, ಗಂಟೆ ಹೇಳಿದರೆ ಗೊತ್ತಿರುತ್ತದೆ. ವಿರಾಮದಲ್ಲಿ ಪ್ರಾಯೋಜಕರ ವಿಡಿಯೋ, ಭಾವಗೀತೆ, ‘ಅಷ್ಟರಲ್ಲಿ ಚಾಟ್‌ನಲ್ಲಿ ಪ್ರಶ್ನೆ ಹಾಕಿ’ ಎಂಬ ಸೂಚನೆ ಇವೆಲ್ಲ ಬೇಡ. ಪರದೆಯಲ್ಲಿ ಏನಾದರೂ ನಡೆಯುತ್ತಿದ್ದರೆ ಜನ ಪರದೆ ಬಿಟ್ಟು ಏಳುವುದಿಲ್ಲ, ಕಣ್ಣು ಕುತ್ತಿಗೆಗೆ ವಿರಾಮ ಸಿಗುವುದಿಲ್ಲ. ಎಲ್ಲರ ಮೈಕನ್ನೂ ಮುಚ್ಚಬೇಕು, ಮುಖ್ಯವಾಗಿ ಭಾಷಣಕಾರರದ್ದನ್ನು. ಇಲ್ಲವಾದರೆ ಅವರ ಅಡುಗೆಮನೆಯ ಮಿಕ್ಸಿ ಮೂರು ಕಾಲೇಜಿಗೂ ಕೇಳುತ್ತದೆ. ಮತ್ತೆ ಶುರು ಮಾಡುವಾಗ ಹತ್ತು ಜನ ಬಂದಿಲ್ಲವೆಂದು ಕಾಯಬಾರದು. ಕಾದರೆ ಸಮಯಕ್ಕೆ ಬಂದವರಿಗೆ ಶಿಕ್ಷೆ, ಮುಂದಿನ ಸಲ ಅವರೂ ತಡವಾಗಿ ಬರುತ್ತಾರೆ.

3.46ಕ್ಕೆ ಫಲಿತಾಂಶ ಹಂಚಿದೆವು. ‘ಸಿಗುತ್ತಿರಲಿಲ್ಲ’ ಎಂದವರು ಅರ್ಧದಷ್ಟು, ‘ಸಿಗುತ್ತಿತ್ತು’ ಎಂದವರು ಅದಕ್ಕಿಂತ ಸ್ವಲ್ಪ ಕಡಿಮೆ, ಉಳಿದವರು ‘ಹೇಳಲಾಗದು’. ಸರ್ ಎರಡು ಬಗೆಯ ಸಿದ್ಧತೆ ಮಾಡಿಕೊಂಡಿದ್ದರು. ಹೆಚ್ಚಿನವರೆಲ್ಲ ‘ಸಿಗುತ್ತಿರಲಿಲ್ಲ’ ಎಂದಿದ್ದರೆ ಅವರು ಕೇಳಬೇಕಿದ್ದ ಪ್ರಶ್ನೆ, ಹಾಗಾದರೆ ಕಾರಂತರು ಸಾಲದ ಕತೆಯನ್ನು ಏಕೆ ತಂದರು ಎಂಬುದು. ಉತ್ತರಗಳು ಒಡೆದಿದ್ದರಿಂದ ಅವರು ಇನ್ನೊಂದು ದಾರಿ ಹಿಡಿದರು. ಎರಡೂ ಪಕ್ಷದವರು ತಮಗೆ ಆಧಾರವಾಗುವ ಒಂದು ಸನ್ನಿವೇಶವನ್ನು ಪುಸ್ತಕದಿಂದ ಹುಡುಕಿ ಪುಟಸಂಖ್ಯೆ ಚಾಟ್‌ನಲ್ಲಿ ಹಾಕಲಿ ಎಂದರು. ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1991ರಿಂದ ತರಗತಿಯಲ್ಲಿ ಬೆಳೆಸಿದ ಕ್ರಮವೂ ಇದೇ ಬಗೆಯದು. ಪ್ರಶ್ನೆ ಕೇಳಿ, ಉತ್ತರಗಳು ಒಡೆದಿದ್ದರೆ ತಾವು ವಿವರಿಸದೆ ವಿದ್ಯಾರ್ಥಿಗಳೇ ಪಕ್ಕದವರನ್ನು ಒಪ್ಪಿಸಲು ಬಿಟ್ಟು, ಮತ್ತೆ ಮತ ಹಾಕಿಸುತ್ತಾರೆ. ಸರಿಯುತ್ತರ ತೀರಾ ಕಡಿಮೆಯಿದ್ದರೆ ಪಾಠವನ್ನೇ ಇನ್ನೊಮ್ಮೆ ಮಾಡಬೇಕು, ತೀರಾ ಹೆಚ್ಚಿದ್ದರೆ ಮುಂದೆ ಹೋಗಬೇಕು, ನಡುವೆ ಇದ್ದಾಗಲೇ ಚರ್ಚೆಗೆ ಅರ್ಥ. ಸಾಹಿತ್ಯದಲ್ಲಿ ಒಂದೇ ಸರಿಯುತ್ತರ ಇರುವುದಿಲ್ಲ, ಆದರೆ ಒಡಕು ಇದ್ದಾಗ ನಿಲ್ಲಬೇಕು ಎಂಬುದು ಇಲ್ಲಿಗೂ ಹೊಂದುತ್ತದೆ.

ಚಾಟ್‌ನಲ್ಲಿ ಪುಟಸಂಖ್ಯೆಗಳು ಬರತೊಡಗಿದವು. ಪುಸ್ತಕ ಕೈಯಲ್ಲಿಲ್ಲದವರು ಸನ್ನಿವೇಶವನ್ನು ಬರೆದರು. ಒಬ್ಬ ಹುಡುಗಿ, ‘ಸಾಲ ಮಾಡಿದ್ದೇ ಭೂಮಿ ಇಲ್ಲದ್ದಕ್ಕೆ ಅಲ್ವಾ? ಎರಡು ಬೇರೆ ಬೇರೆ ಅಂತ ಪೋಲ್‌ನಲ್ಲಿ ಯಾಕೆ ಹಾಕಿದ್ದೀರಿ?’ ಎಂದು ಕೇಳಿದಳು. ಸರ್ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಉಳಿದ ಹೊತ್ತು ಅವರ ಮಾತು ನಡೆದದ್ದು ಆ ವಾಕ್ಯದ ಬೆನ್ನು ಹಿಡಿದು. ಕೇಳಿದವಳು ಯಾವ ಕಾಲೇಜಿನವಳೆಂದು ನಾನು ಹುಡುಕಲು ಹೋಗಲಿಲ್ಲ.

ಈ ಎಲ್ಲದರಲ್ಲಿ ನನ್ನ ಕೆಲಸ ಭಾಗವತರದ್ದು. ಮಾತಾಡುವವರೇ ಪೋಲ್ ತೆರೆದು, ಚಾಟ್ ಓದಿ, ಗಂಟೆ ನೋಡಿ ನಡೆಸುವುದು ಆಗದ ಮಾತು. ಒಬ್ಬರು ಮಾತಿಗೆ, ಇನ್ನೊಬ್ಬರು ತಾಳಕ್ಕೆ. ಸರ್ ಮಾತು ಹದಿನಾಲ್ಕು ನಿಮಿಷ ದಾಟಿದರೆ ನಾನು ಕ್ಯಾಮೆರಾ ಆನ್ ಮಾಡುವುದೆಂದು ನಿಶ್ಚಯಿಸಿಕೊಂಡಿದ್ದೆವು. ಹಿರಿಯರ ಮಾತನ್ನು ತಡೆಯುವುದಕ್ಕಿಂತ ಅದು ಸುಲಭ. ನಾನು ಪರದೆಯಲ್ಲಿ ಕಾಣಿಸಿಕೊಂಡರೆ ಸಾಕು, ಅವರು ವಾಕ್ಯ ಮುಗಿಸಿ, “ಭಾಗವತರು ಬಂದರು, ಇನ್ನು ನಿಮ್ಮದು” ಎನ್ನುತ್ತಿದ್ದರು. ಕರೆಂಟು ಹೋದರೆಂದು ಪೋಲ್‌ಗಳ ಪಠ್ಯವನ್ನು ಗೆಳತಿಯೊಬ್ಬಳಿಗೂ ಕಳಿಸಿ ಅವಳನ್ನು ಸಹ-ಹೋಸ್ಟ್ ಮಾಡಿದ್ದೆ. ಜುಲೈ ತಿಂಗಳ ಪುತ್ತೂರಿನಲ್ಲಿ ಇದು ಅತಿ ಜಾಗ್ರತೆಯೇನಲ್ಲ.

ಒಂದೂವರೆ ಗಂಟೆಗೆ ಪೋಲ್ ಒಟ್ಟು ಮೂರು. ನಾಲ್ಕಾದರೆ ಅದು ಆಟವಾಗಿ, ಜನ ಪ್ರಶ್ನೆ ಓದದೆ ಒತ್ತತೊಡಗುತ್ತಾರೆ. ಹಾಗಾಗುತ್ತಿದೆಯೆಂದು ತಿಳಿಯುವುದು ಕಷ್ಟವಲ್ಲ. ಪ್ರಶ್ನೆ ಓದಿ ಮುಗಿಯುವ ಮೊದಲೇ ಎಣಿಕೆ ಮೇಲೇರಿರುತ್ತದೆ, ಮೊದಲ ಆಯ್ಕೆಗೇ ಹೆಚ್ಚು ಮತ ಬಿದ್ದಿರುತ್ತದೆ. ಮೂರನೆಯದು ಕೊನೆಯಲ್ಲಿ ಕೇಳಿದ ಮೊದಲಿನ ಪ್ರಶ್ನೆಯೇ. ‘ಜಾತಿಯ ಕಟ್ಟಳೆ’ ಅರ್ಧಕ್ಕೆ ಇಳಿದಿತ್ತು, ‘ಎಸ್ಟೇಟಿನ ಸಾಲ’ ಏರಿತ್ತು. ಇದರಿಂದ ಅವರು ಕಾದಂಬರಿಯನ್ನು ಹೆಚ್ಚು ಚೆನ್ನಾಗಿ ತಿಳಿದರೆಂದು ನಾನು ಹೇಳುವುದಿಲ್ಲ. ನಾಲ್ಕು ಗುಂಡಿಗಳಿಗೆ ಅಷ್ಟು ಶಕ್ತಿಯಿಲ್ಲ. ಕೊನೆಯ ಮಾತಿನ ಕಡೆಗೆ ವಾಲಿದವರೂ ಅವರಲ್ಲಿರಬಹುದು. ಓದಿದ್ದು ಏನಾಯಿತೆಂಬುದು ಅವರು ಬರೆಯುವ ಪ್ರಬಂಧಗಳಲ್ಲಷ್ಟೇ ತಿಳಿದೀತು.

ಗಮನದ ಬಗ್ಗೆ ಮಾತ್ರ ಒಂದು ಲೆಕ್ಕ ಸಿಕ್ಕಿತು. ವರದಿಯಲ್ಲಿ ಎಷ್ಟು ಜನ ಭಾಗವಹಿಸಿದ್ದರೆಂದು ಬರೆಯಬೇಕಿತ್ತು. ಬೇರೆ ಕಡೆ ಬರೆಯುವಂತೆ ಎಂಬತ್ತನಾಲ್ಕು ಎಂದು ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಚಾಟ್ ಸೇರಿಸಿ ಮೊದಲ ಪೋಲಿಗೆ ಉತ್ತರಿಸಿದವರು ಅರವತ್ತೊಂದು, ಕೊನೆಯದಕ್ಕೆ ಐವತ್ತೇಳು. ಎಂಬತ್ತನಾಲ್ಕಕ್ಕೂ ಅರವತ್ತೊಂದಕ್ಕೂ ನಡುವಿನವರು ಮೊದಲಿನಿಂದಲೂ ಅಲ್ಲಿರಲಿಲ್ಲ ಅಥವಾ ಅವರ ಫೋನು ನಮ್ಮನ್ನು ತಲುಪಲಿಲ್ಲ. ನಾಲ್ಕು ಜನ ಮಾತ್ರ ನಮ್ಮ ಕೈಯಿಂದ ಜಾರಿದರು. ಆ ಎರಡನೆಯ ಸಾಲು ಏಕೆ ಬೇಕೆಂದು ಕಚೇರಿಯಲ್ಲಿ ಕೇಳಿದರು. ಮುಂದಿನ ವೆಬಿನಾರ್ ಮಾಡುವವರಿಗೆ ಬೇಕಾಗುತ್ತದೆ ಎಂದೆ.